ಬಾಲ್‌ಪೀನಿನ ಜಾಗ

ಸೈದಾಪುರದ ಸ್ಟೇಷನ್ ರಸ್ತೆಯಲ್ಲಿ ದೇವಕ್ಕನ ಹಾರ್ಡ್‌ವೇರ್ ಅಂಗಡಿ. ಗಂಡ ಹೋದ ಮೇಲೆ ಅವಳೇ ನಡೆಸುತ್ತಾಳೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಪಂಚಶೀಲಾ ಬಂದು ತನ್ನ ಫೋನನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಳು.

"ಅಕ್ಕಾರ, ಈ ಫೋಟೋದಾಗ ನಮ್ಮನಿಯವರ ಕೈಯಾಗಿರೋದು ಯಾವ ಸುತ್ತಿಗಿ, ಹೇಳ್ರಿ."

ದೇವಕ್ಕ ಫೋನು ಮುಟ್ಟಲಿಲ್ಲ. ಮೊದಲು ಸ್ಟೂಲು ಎಳೆದು ಕೂರಿಸಿದಳು, ನೀರು ಕೊಟ್ಟಳು. ಪಂಚಶೀಲಾಳ ಗಂಡನ ಹೆಸರು ಶ್ರೀಮಂತ. ಅವನು ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕಡೆಯಿಂದ ಹೆಲ್ಪರ್ ಆಗಿದ್ದ. ಹೋದ ತಿಂಗಳು ಮಷೀನಿನಲ್ಲಿ ಜಾಮಾದ ಪಿನ್ ಒಂದನ್ನು ಹೊಡೆದು ತೆಗೆಯುವಾಗ ಸುತ್ತಿಗೆಯ ಅಂಚಿನಿಂದ ಚೂರು ಹಾರಿ ಬಲಗಣ್ಣಿಗೆ ಹೊಕ್ಕಿತ್ತು. ಆ ಕಣ್ಣು ಹೋಯಿತು. ಊರಿಗೆಲ್ಲ ಗೊತ್ತಿದ್ದ ಸುದ್ದಿ.

"ಕಂಪನಿಯವರು ಏನಂತಾರ ಈಗ?"

"ಮನಿಯಿಂದ ಸುತ್ತಿಗಿ ತರಬ್ಯಾಡ್ರಿ ಅಂತ ದಿನಾ ಮುಂಜಾನಿ ಹೇಳ್ತೀವಿ, ಇವ ಮಾತು ಮೀರಿ ತನ್ನ ಮೊಳಿ ಕೀಳೋ ಸುತ್ತಿಗಿಲೆ ಹೊಡದಾನ ಅಂತಾರ್ರಿ. ಅದಕ್ಕ ಪರಿಹಾರನೂ ಇಲ್ಲ, ಕೂತು ಮಾಡೋ ಕೆಲಸನೂ ಇಲ್ಲ. ಕಂಪನಿ ಸುತ್ತಿಗಿ ಆಗಿದ್ರ ಸ್ಟೋರಿನಾಗ ಕೆಲಸಕ್ಕ ಹಾಕ್ಕೋತಿದ್ವಿ ಅಂತಾರ."

"ಆ ಸುತ್ತಿಗಿ ಎಲ್ಲಿ?"

"ಗದ್ದಲದಾಗ ಸ್ಕ್ರ್ಯಾಪಿನ ಗಾಡಿಗೆ ಹೋಗ್ಯದಂತ. ಇವರನ್ನ ಕೇಳಿದ್ರ, ಕೈಗೆ ಸಿಕ್ಕದ್ದರಲೆ ಹೊಡದೆ ಅಂತಾರ, ಮುಂದ ಬಾಯಿ ಬಿಡಂಗಿಲ್ಲ. ಫೋಟೋ ಒಂದೇ ಉಳದದ."

ಫೋಟೋ ತೆಗೆದವನು ಜೊತೆಗಾರ ದುರಗಪ್ಪ. ಪಿನ್ ಹೇಗೆ ಸಿಕ್ಕಿಕೊಂಡಿದೆ ಎಂದು ಸೂಪರ್‌ವೈಸರಿಗೆ ತೋರಿಸಲು ತೆಗೆದದ್ದು. ಶ್ರೀಮಂತ ಬಗ್ಗಿ ನಿಂತಿದ್ದ. ಕಣ್ಣು ಕಾಯುವ ಕನ್ನಡಕ ಹಣೆಯ ಮೇಲಿತ್ತು. ಬಲಗೈಯ ಸುತ್ತಿಗೆಯ ತಲೆ ಅರ್ಧ ಬೆಳಕಿನಲ್ಲಿ, ಅರ್ಧ ನೆರಳಿನಲ್ಲಿ.

"ನೋಡ್ರಿ, ಹಿಂದ ಗುಂಡಗ ಕಾಣತದಲ್ರಿ?" ಪಂಚಶೀಲಾ ಬೆರಳಿಟ್ಟಳು. "ಕಂಪನಿದು ಬಾಲ್‌ಪೀನ್ ಅಂತ. ಅದರ ಹಿಂದೂ ಗುಂಡು ಇರತದಂತ."

ದೇವಕ್ಕ ಕನ್ನಡಕ ಏರಿಸಿಕೊಂಡಳು. ಮೊದಲ ನೋಟಕ್ಕೆ ಅದು ಗುಂಡೇ. ಅವಳಿಗೂ ಹಾಗೇ ಇರಲಿ ಅನ್ನಿಸಿತು. ಆದರೆ ಬಾಲ್‌ಪೀನಿನ ಗುಂಡು ಹೊಡೆಯುವ ಮುಖದ ನೇರಕ್ಕೆ ಹಿಂದೆ ಕೂರುತ್ತದೆ, ಕೆಳಗೆ ಇಳಿಯುವುದಿಲ್ಲ. ಇಲ್ಲಿ ಗುಂಡಗೆ ಕಂಡದ್ದು ಮೇಲೆ ಬಾಗಿ, ತುದಿ ಕಾವಿನ ಕಡೆಗೆ ಇಳಿದಿತ್ತು. ದೊಡ್ಡದು ಮಾಡಿದಳು. ಇಳಿದ ತುದಿಯ ನಡುವೆ ಕೂದಲೆಳೆಯಷ್ಟು ಬೆಳಕು. ಎರಡು ಉಗುರಿನ ನಡುವಿನ ಸೀಳು ಅದು. ಮೊಳೆಯ ತಲೆ ಸಿಕ್ಕಿಸುವ ಸೀಳು. ಕಾವಿಗೆ ಬಂದಳು. ಬಾಲ್‌ಪೀನಿಗೆ ಕಟ್ಟಿಗೆಯ ಕಾವು. ಇದು ಕಬ್ಬಿಣದ ಕೊಳವೆ, ಹಿಡಿಯುವಲ್ಲಿ ರಬ್ಬರು ಕವಚ.

ಗೋಡೆಯ ಮೇಲಿಂದ ಎರಡೂ ಥರದ ಸುತ್ತಿಗೆ ಇಳಿಸಿ ಮುಂದಿಟ್ಟಳು. ಮೊಳೆ ಕೀಳುವುದನ್ನು ಎತ್ತಿ, ಫೋಟೋದಲ್ಲಿ ಇದ್ದಂತೆ ತಿರುಗಿಸಿ ಹಿಡಿದಳು. ಪಂಚಶೀಲಾ ಅದನ್ನು ನೋಡಿದಳು, ಫೋನು ನೋಡಿದಳು, ಮತ್ತೆ ಅದನ್ನು ನೋಡಿದಳು.

"ನೀವು ಗುಂಡು ಅಂತ ಹೇಳಿದ್ರ ಸಾಕಲ್ರಿ ಅಕ್ಕಾರ. ಅಂಗಡಿಯವರು ಹೇಳ್ಯಾರ ಅಂತಂದ್ರ ನಂಬತಾರ."

"ನಂಬಂಗಿಲ್ಲ ತಂಗಿ. ಅಲ್ಲಿ ಫಿಟರ್‌ಗಳು ಅದಾರ. ನಾ ಸುಳ್ಳು ಹೇಳಿದ್ರ ಮುಂದ ನೀವು ಹೇಳೋ ಖರೇನೂ ಸುಳ್ಳ ಆಗತದ."

ಪಂಚಶೀಲಾ ಅಳಲಿಲ್ಲ. ಗಂಡ ಮೊದಲು ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ, ಹಲಗೆ ಬಿಚ್ಚುವ ಸುತ್ತಿಗೆ ಆಗಿನದು ಎಂದಳು. ಅವತ್ತು ಮುಂಜಾನೆ ಮಷೀನು ಬಂದ ಕಟ್ಟಿಗೆಯ ಪೆಟ್ಟಿಗೆ ಬಿಚ್ಚಬೇಕು ಎಂದು ಹಿಂದಿನ ದಿನವೇ ಹೇಳಿದ್ದರಂತೆ, ಮೊಳೆ ಕೀಳುವಂಥದ್ದು ಅಲ್ಲಿ ಇರಲಿಲ್ಲವೆಂದು ಮನೆಯಿಂದ ಒಯ್ದಿದ್ದನಂತೆ.

"ಅದನ್ನ ಹೇಳಬೇಕು. ಪೆಟ್ಟಿಗಿಗೆ ತಂದಾನ, ಸರಿ. ಪಿನ್ನಿಗೆ ಯಾಕ ಅದರಲೇ ಹೊಡದ? ಬಾಲ್‌ಪೀನ್ ಇರಲಿಲ್ಲೇನು?" ದೇವಕ್ಕ ಹೇಳುತ್ತಲೇ ಫೋನಿನ ಉಳಿದ ಫೋಟೋಗಳನ್ನು ಸರಿಸಿದಳು. "ಇದೇನಿದು?"

ಅದೇ ದಿನ ಮುಂಜಾನೆ ಕೆಲಸಕ್ಕೆ ನಿಲ್ಲುವ ಮುಂಚೆ ದುರಗಪ್ಪ ತೆಗೆದ ಸೆಲ್ಫಿ; ಆ ಫೋಟೋದ ಜೊತೆ ಇದನ್ನೂ ಕಳಿಸಿದ್ದ. ಹಲ್ಲು ಕಿರಿದು ನಿಂತಿದ್ದಾನೆ, ಹಿಂದೆ ಸಾಮಾನು ತೂಗುಹಾಕುವ ಹಲಗೆ. ಒಂದೊಂದು ಕೊಕ್ಕೆಯ ಕೆಳಗೆ ಬಣ್ಣದಲ್ಲಿ ಹೆಸರು. ಕೆಳಗೆ ಮೂಲೆಯಲ್ಲಿ ಸ್ಲೆಡ್ಜ್ ಸುತ್ತಿಗೆ ನಿಂತಿತ್ತು. ಸೊಂಟದೆತ್ತರದ ಕಾವು, ಎರಡೂ ಕಡೆ ಚಪ್ಪಟೆ ಮುಖದ ದೊಡ್ಡ ತಲೆ. ಅದನ್ನು ಎರಡು ಕೈಯಿಂದಲೇ ಎತ್ತಬೇಕು. ದುರಗಪ್ಪನ ಹೆಲ್ಮೆಟ್ಟು ಎರಡು ಕೊಕ್ಕೆಗಳನ್ನು ಮರೆಮಾಡಿತ್ತು. ಅದರ ಪಕ್ಕಕ್ಕೆ 'ಬಾಲ್‌ಪೀನ್' ಎಂದು ಬರೆದ ಕೊಕ್ಕೆ. ಅದರಲ್ಲಿ ತೂಗುತ್ತಿದ್ದದ್ದರ ಮುಖ ಕ್ಯಾಮೆರಾದ ಕಡೆಗೆ, ಬೆನ್ನು ಗೋಡೆಯ ಕಡೆಗೆ. ಕಪ್ಪಗೆ, ದುಂಡಗೆ, ಡಬ್ಬಿಯ ಮುಚ್ಚಳದ ಹಾಗೆ.

ದೇವಕ್ಕನ ಎದೆ ಹಗುರವಾಯಿತು. "ಇದು ರಬ್ಬರ್ ಮ್ಯಾಲೆಟ್ ಇದ್ದಂಗ ಕಾಣತದ ಯವ್ವಾ. ಟೈಲ್ಸ್ ಕೂಡಸ್ತಾರಲ್ಲ, ಎರಡೂ ಕಡಿ ಒಂದೇ ಥರ ಇರೋ ಕೊಡತಿಯಂಥದ್ದು. ಅದರಲೆ ಪಿನ್ ಹೊರಗ ಬರಂಗೇ ಇಲ್ಲ. ಬಾಲ್‌ಪೀನಿನ ಜಾಗದಾಗ ಇದನ್ನ ತೂಗಿಬಿಟ್ಟಾರ ಅಂದ್ರ ಬಾಲ್‌ಪೀನ್ ಅವತ್ತು ಇರಲೇ ಇಲ್ಲ."

"ಅಂದ್ರ?"

"ಅಂದ್ರ ಸರಿಯಾದ ಸುತ್ತಿಗಿ ಕೊಡದೆ ಕೆಲಸಕ್ಕ ಹಚ್ಯಾರ. ತಪ್ಪು ಅವರದ."

ಪಂಚಶೀಲಾ ಸ್ಟೂಲಿನಿಂದ ಎದ್ದೇಬಿಟ್ಟಳು. ಬಾಗಿಲಿಗೆ ಹೋದವಳು ತಿರುಗಿ ಬಂದು ದೇವಕ್ಕನ ಕೈ ಹಿಡಿದಳು. "ನೀವು ಬರ್ತೀರಲ್ರಿ ನಮ್ಮ ಕೂಡ?"

ಆ ಗುತ್ತಿಗೆದಾರನ ಕಡೆಯವರು ದೇವಕ್ಕನ ಅಂಗಡಿಯಲ್ಲೇ ನಟ್ಟು ಬೋಲ್ಟು ಕೊಳ್ಳುತ್ತಿದ್ದರು. ಅವಳಿಗೆ ಅದು ನೆನಪಾಯಿತು. ಆದರೂ ಬರುತ್ತೇನೆ ಅಂದಳು.

ಸೋಮವಾರ ಮೂವರೂ ಟಂಟಂ ಆಟೋದಲ್ಲಿ ಕಡೇಚೂರಿಗೆ ಹೋದರು. ಪಂಚಶೀಲಾ ಇಸ್ತ್ರಿ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಅವಳದೇ ಮಾತು. ಬೋನಾಳದಲ್ಲಿರುವ ಅವ್ವನಿಗೆ ಫೋನು ಮಾಡಿ ಹೇಳಿದ್ದೂ ಆಗಿತ್ತು. ಕರಿ ಕನ್ನಡಕ ಹಾಕಿದ್ದ ಶ್ರೀಮಂತ ಹೊರಗೆ ನೋಡುತ್ತ ಕೂತಿದ್ದ.

"ನಿಂದೇನು ಮುಖ ಇಷ್ಟುದ್ದ?" ದೇವಕ್ಕ ತಮಾಷೆ ಮಾಡಿದಳು. "ಸ್ಟೋರ್ ಕೀಪರ್ ಆದ ಮ್ಯಾಲೆ ನಮ್ಮ ಅಂಗಡಿ ಮರೀಬ್ಯಾಡ."

"ಇಲ್ರಿ ಅಕ್ಕಾರ," ಅಂದ ಶ್ರೀಮಂತ. ಅಷ್ಟೇ.

ಸೂಪರ್‌ವೈಸರ್ ವಿಶ್ವರಾಧ್ಯ ಕೆಟ್ಟ ಮನುಷ್ಯನಲ್ಲ. ಕುರ್ಚಿ ಹಾಕಿಸಿದ, ಚಹಾ ತರಿಸಿದ. ಶ್ರೀಮಂತನಿಗೆ ಇನ್ನೊಂದು ಕಣ್ಣು ಜೋಪಾನ ಎಂದ. ದೇವಕ್ಕ ಮುಚ್ಚುಮರೆ ಮಾಡಲಿಲ್ಲ.

"ಕೈಯಾಗಿದ್ದದ್ದು ಅವನ ಸುತ್ತಿಗೀನೇ ಸಾಹೇಬ್ರ, ಒಪ್ಪಿದ್ವಿ. ಪೆಟ್ಟಿಗಿ ಬಿಚ್ಚಲಿಕ್ಕ ತಂದಿದ್ದ, ಅದು ನಿಮಗೂ ಗೊತ್ತದ. ಆದ್ರ ನಿಮ್ಮ ಹಲಗಿ ಮ್ಯಾಲ ಅವತ್ತು ಬಾಲ್‌ಪೀನ್ ಇತ್ತೇನ್ರಿ? ನೋಡ್ರಿ ಈ ಫೋಟೋ. ಬಾಲ್‌ಪೀನಿನ ಜಾಗದಾಗ ಮ್ಯಾಲೆಟ್ ತೂಗತದ. ಪಿನ್ನಿಗೆ ರಬ್ಬರಿನಲೆ ಹೊಡೀಬೇಕಿತ್ತೇನು ಪಾಪ ಅವ?"

ವಿಶ್ವರಾಧ್ಯ ಫೋನು ತಗೊಂಡು ನೋಡಿದ. "ಇದನ್ನ ನನಗ ಕಳಸ್ರಿ," ಅಂದ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಫೋಟೋ ತೆರೆದು ದೊಡ್ಡದು ಮಾಡುತ್ತ ಹೋದ. ದುರಗಪ್ಪನ ಹಲ್ಲು, ಹೆಲ್ಮೆಟ್ಟು ಎಲ್ಲ ಅಂಚಿಗೆ ಸರಿದು ಹೋಗಿ ಆ ಒಂದು ಕೊಕ್ಕೆ ಪರದೆ ತುಂಬಿತು.

"ನಾನೂ ಮೊದಲು ಫಿಟರ್ ಇದ್ದವ ಅಕ್ಕಾರ," ಅವನು ಮೆಲ್ಲಗೆ ಹೇಳಿದ. "ತಲಿ ಒಂದೇ ನೋಡಬ್ಯಾಡ್ರಿ. ಕಾವು ನೋಡ್ರಿ."

ದೇವಕ್ಕ ನೋಡಿದಳು. ಮ್ಯಾಲೆಟ್ಟಿನ ಕಾವು ಮೇಲಿಂದ ಕೆಳಗೆ ಒಂದೇ ದಪ್ಪ, ಒನಕೆಯ ಹಾಗೆ. ಇದು ತಲೆಯ ಕೆಳಗೆ ಸಣ್ಣಗಾಗಿ, ಹಿಡಿಯುವಲ್ಲಿ ಮತ್ತೆ ತುಂಬಿಕೊಂಡಿತ್ತು. ಪೆಟ್ಟಿನ ಅದುರು ಕೈಗೆ ಬರಬಾರದೆಂದು ಹಾಗೆ ಕೆತ್ತುತ್ತಾರೆ. ಕಪ್ಪು ಮುಖದ ಅಂಚಿನ ಸುತ್ತ ಸಣ್ಣ ಬಿಳಿ ಗೆರೆ; ಬಡಿದು ಬಡಿದು ಬಣ್ಣ ಹೋದ ಕಬ್ಬಿಣ ಹೊಳೆಯುತ್ತಿತ್ತು. ರಬ್ಬರು ಹಾಗೆ ಹೊಳೆಯುವುದಿಲ್ಲ. ಕೊಕ್ಕೆಯ ಅಳತೆಗೆ ಹೋಲಿಸಿದರೆ ಮುಖವೂ ಚಿಕ್ಕದು, ಮ್ಯಾಲೆಟ್ಟಿನಷ್ಟು ಅಗಲವಿಲ್ಲ. ಅಂಗಡಿಯಲ್ಲಿ ದಿನಾ ಕೈಯಾಡಿಸುವ ಸಾಮಾನು. ಮೊದಲ ಫೋಟೋದಲ್ಲಿ ಕಾವಿನ ತನಕ ಹೋಗಿ ನೋಡಿದವಳು, ಈ ಫೋಟೋದಲ್ಲಿ ಬೇಕಾದದ್ದು ಕಂಡ ಕೂಡಲೇ ನಿಂತುಬಿಟ್ಟಿದ್ದಳು.

ವಿಶ್ವರಾಧ್ಯ ಒಬ್ಬನನ್ನು ಕಳಿಸಿ ಹಲಗೆಯ ಮೇಲಿನ ಬಾಲ್‌ಪೀನ್ ತರಿಸಿದ. ಮುಖ ಮುಂದೆ ಮಾಡಿ ಹಿಡಿದ. ಹಿಂದಿನ ಗುಂಡು ಪೂರ್ತಿ ಮರೆಯಾಯಿತು. ಕಪ್ಪಗೆ, ದುಂಡಗೆ, ಡಬ್ಬಿಯ ಮುಚ್ಚಳದ ಹಾಗೆ.

"ಅಕ್ಕಾರ?" ಪಂಚಶೀಲಾ ಕೇಳಿದಳು. "ಮ್ಯಾಲೆಟ್ ಹೌದಲ್ರಿ? ಹೇಳ್ರಿ ಅವರಿಗೆ."

ದೇವಕ್ಕ ತಲೆ ಅಲ್ಲಾಡಿಸಿದಳು. "ಇಲ್ಲ ತಂಗಿ. ಬಾಲ್‌ಪೀನ್ ಅದು. ನಾನು ತಪ್ಪಿದೆ."

"ಮ್ಯಾಲಿನವರಿಗೆ ನಾ ಏನಂತ ಹೇಳ್ಲಿ?" ವಿಶ್ವರಾಧ್ಯ ಸುತ್ತಿಗೆಯನ್ನು ಮೇಜಿನ ಕೆಳಗೆ ಇಟ್ಟ. "ಇಷ್ಟು ದಿನ ಬಾಲ್‌ಪೀನ್ ಇತ್ತು ಅಂತ ನಾವು ಬಾಯಿಲೆ ಹೇಳ್ತಿದ್ವಿ. ಈಗ ನೀವೇ ಫೋಟೋ ತಂದು ತೋರಿಸಿದಂಗಾತು. ಲೇಬರ್ ಆಫೀಸಿಗೆ ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಅಲ್ಲೀನೂ ಇದನ್ನ ಕೇಳತಾರ." ಅವನು ಶ್ರೀಮಂತನ ಮುಖ ನೋಡದೆ ಹೇಳಿದ. "ಚಹಾ ಆರಾಕತ್ತದ, ಕುಡೀರಿ."

ಯಾರೂ ಕುಡಿಯಲಿಲ್ಲ.

ಗೇಟಿನ ಹೊರಗೆ ಜಾಲಿಮರದ ನೆರಳಲ್ಲಿ ಟಂಟಂಗೆ ಕಾದು ನಿಂತರು. ಶಿಫ್ಟು ಬಿಟ್ಟು ಬಂದವರು ಶ್ರೀಮಂತನನ್ನು ಕಂಡು ಕೈ ಎತ್ತಿ, ನಿಲ್ಲದೆ ಹೋದರು.

"ನಿನಗ ಗೊತ್ತಿತ್ತಲ್ಲ?" ಪಂಚಶೀಲಾ ಗಂಡನನ್ನು ಕೇಳಿದಳು. ದನಿ ಎತ್ತರಿಸಲಿಲ್ಲ.

"ಹೂಂ."

"ಅಲ್ಲೇ ತೂಗತಿತ್ತು?"

"ತೂಗತಿತ್ತು. ಮಷೀನು ನಿಂತದ, ಲಗೂ ಹೊಡಿ ಲಗೂ ಹೊಡಿ ಅಂತ ಒದರಾಕತ್ತಿದ್ರು. ಅಲ್ಲಿ ತನಕ ಯಾರು ಹೋಗಬೇಕಂತ ಕೈಯಾಗಿದ್ದದ್ದರಲೇ ಹೊಡದೆ."

"ಮತ್ತ ಮನ್ಯಾಗ ಯಾಕ ಹೇಳಲಿಲ್ಲ? ನಾ ಅವ್ವಗ ಫೋನ್ ಮಾಡುಮುಂದ ಬಾಜೂಕ ಕುಂತಿದ್ದಿ."

ಶ್ರೀಮಂತ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. "ಭಾಳ ದಿನದ ಮ್ಯಾಲ ಉಂಡಿದ್ದಿ ನೀ ಅವತ್ತು. ಉಣ್ಣವಲ್ಲಾಕಿ ಎರಡು ರೊಟ್ಟಿ ಉಂಡಿ. ಅಕ್ಕಾರೂ ಹೇಳ್ಯಾರ ಅಂದ ಮ್ಯಾಲ, ನನಗೂ ಖರೇ ಇರಬಹುದು ಅನಸ್ತು."

ಯಾದಗಿರಿಗೆ ಹೋಗೋಣ, ಲೇಬರ್ ಆಫೀಸಿನಲ್ಲಿ ಅರ್ಜಿಯಾದರೂ ಕೊಡೋಣ, ಪೆಟ್ಟಿಗೆಯ ಮಾತು ಅಲ್ಲಿ ಹೇಳೋಣ, ಗುರುವಾರ ಅಂಗಡಿ ಮುಚ್ಚಿ ನಾನೇ ಬರುತ್ತೇನೆ ಎಂದಳು ದೇವಕ್ಕ. ಹೋಗಿ ಬಂದರೂ ಏನೂ ಆಗದು ಎಂದು ಅವಳಿಗೆ ಗೊತ್ತಿತ್ತು. ಶ್ರೀಮಂತ ಹೂಂ ಅಂದ. ಅವನಿಗೂ ಗೊತ್ತಿತ್ತು.

ಪಂಚಶೀಲಾ ಮಾತ್ರ ಫೋನು ತೆಗೆದು ಸೆಲ್ಫಿಯನ್ನು ಬೆರಳಿನಿಂದ ಹಿಗ್ಗಿಸುತ್ತಿದ್ದಳು. ಹಿಗ್ಗಿಸಿ, ಬಿಟ್ಟು, ಮತ್ತೆ ಹಿಗ್ಗಿಸಿ. ಬಿಸಿಲಿಗೆ ಕಾಣದೆ ಸೆರಗು ಮರೆಮಾಡಿಕೊಂಡಳು.

"ಅಕ್ಕಾರ, ಮ್ಯಾಲೆಟ್ಟಿಗೂ ಕೆಲವೊಮ್ಮೆ ಇಂಥ ಕಾವು ಹಾಕ್ತಿರಬಹುದಲ್ರಿ? ಮುರದ ಮ್ಯಾಲ ಬ್ಯಾರೆದು ಹಾಕಿರ್ತಾರ. ಇನ್ನೊಮ್ಮೆ ನೋಡ್ರಿ. ಚಲೋತ್ನ್ಯಾಗ ನೋಡ್ರಿ."

ದೇವಕ್ಕ ಫೋನು ತಗೊಂಡಳು. ಸೆರಗಿನ ನೆರಳಲ್ಲಿ ಹಿಡಿದು, ಮುಖದಿಂದ ಕಾವಿಗೆ, ಕಾವಿನಿಂದ ಮುಖಕ್ಕೆ ನೋಡುತ್ತ ನಿಂತಳು. ಟಂಟಂ ಬಂದು ನಿಂತಿತು. ಡ್ರೈವರು ಹತ್ರಿ ಹತ್ರಿ ಎಂದ. ಫೋನು ವಾಪಸು ಕೊಟ್ಟರೆ ಏನಾದರೂ ಹೇಳಲೇಬೇಕಾಗಿತ್ತು. ಅವಳು ಇನ್ನೂ ನೋಡುತ್ತಲೇ ಇದ್ದಳು.