ಒಂದು ಸೇರು ತೌಡಿನ ಮಗಳು

ಡಿ.ಎಡ್. ಪ್ರವೇಶದ ದಾಖಲೆ ಪರಿಶೀಲನೆಗೆ ಕೂತವರಿಗೆ ಮನುಷ್ಯರ ಮೇಲೆ ನಂಬಿಕೆ ಉಳಿಯುವುದು ಕಷ್ಟ. ಚಿಕ್ಕಬಳ್ಳಾಪುರ ಜಿಲ್ಲೆಯಾದ ಮರುವರ್ಷ ಆ ಕೆಲಸ ನನ್ನ ತಲೆಗೆ ಬಿತ್ತು. ಅರ್ಜಿಯಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಮಿಸ್ಟೇಕ್ ಆಗೋಯ್ತು ಮೇಡಂ." ಹಾಗಾದವರಿಗೆಲ್ಲ ನಾನು ಹೇಳುತ್ತಿದ್ದದ್ದೂ ಒಂದೇ. ವಿವರಣಾ ಪತ್ರ ಕೊಡಿ, ನೋಟರಿ ಅಫಿಡವಿಟ್ ಹಚ್ಚಿ, ಮುಂದಿನವರು ಬನ್ನಿ.

ಕೊನೆಯ ದಿನ ಬೆಳಿಗ್ಗೆ ಆಶಾರಾಣಿ ಎಂಬ ಹುಡುಗಿ ಬಂದಳು. ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯವಳು. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿತ್ತು, ಆದರೆ ಸಾಮಾನ್ಯ ವರ್ಗದಲ್ಲಿ ಸೀಟು ಸಿಗುವಷ್ಟಲ್ಲ. ಮೀಸಲಾತಿಯಲ್ಲಿ ಖಂಡಿತ ಸಿಗುತ್ತಿತ್ತು. ತೊಡಕು ಅಲ್ಲೇ ಇತ್ತು. ಅರ್ಜಿಯಲ್ಲೂ ಜಾತಿ ಪ್ರಮಾಣಪತ್ರದಲ್ಲೂ ತಂದೆಯ ಹೆಸರು ಬಯ್ಯಪ್ಪ, ತಾಯಿಯ ಹೆಸರು ಕದಿರಮ್ಮ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆ ನಲ್ಲಪ್ಪ, ತಾಯಿ ಚಿಕ್ಕವೆಂಕಟಮ್ಮ. ಜಾತಿ ಪ್ರಮಾಣಪತ್ರ ಈ ಹುಡುಗಿಯದೇ ಎಂದು ತೋರಿಸದಿದ್ದರೆ ಅದನ್ನು ಪಕ್ಕಕ್ಕಿಡಬೇಕು. ಪಕ್ಕಕ್ಕಿಟ್ಟರೆ ಅವಳು ಸಾಮಾನ್ಯ ವರ್ಗಕ್ಕೆ ಬೀಳುತ್ತಾಳೆ, ಮನೆಗೆ ಹೋಗುತ್ತಾಳೆ.

ಹುಡುಗಿ ತಯಾರಾಗಿಯೇ ಬಂದಿದ್ದಳು. ಯಾರೋ ಬೆರಳಚ್ಚುಗಾರ ಎಲ್ಲರಿಗೂ ಕುಟ್ಟಿಕೊಡುವ ಸಾಲನ್ನೇ ಇವಳ ಅಫಿಡವಿಟ್ಟಿಗೂ ಕುಟ್ಟಿಕೊಟ್ಟಿದ್ದ. "ಬಯ್ಯಪ್ಪ ಮತ್ತು ನಲ್ಲಪ್ಪ ಎಂಬ ಎರಡೂ ಹೆಸರುಗಳು ಒಬ್ಬನೇ ವ್ಯಕ್ತಿಯವು." ಕೆಳಗೆ ಸಹಿ, ಮೊಹರು, ಎಲ್ಲ ಅಚ್ಚುಕಟ್ಟು.

"ಅಪ್ಪ ಬಂದಿದ್ದಾರೇನಮ್ಮ?" ಎಂದೆ.

ಬಾಗಿಲಲ್ಲಿ ನಿಂತಿದ್ದ ಇಬ್ಬರು ಗಂಡಸರು ಒಟ್ಟಿಗೆ ಮುಂದೆ ಬಂದರು.

"ನಾನು ಬಯ್ಯಪ್ಪ," ಎಂದ ಒಬ್ಬ. "ನಾನು ನಲ್ಲಪ್ಪ," ಎಂದ ಇನ್ನೊಬ್ಬ. ಇಬ್ಬರ ಮುಖದಲ್ಲೂ ತಪ್ಪು ಮಾಡಿದ ಲಕ್ಷಣವೇ ಇಲ್ಲ. ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

"ಒಬ್ಬನೇ ವ್ಯಕ್ತಿ ಅಂತ ಬರ್ಕೊಟ್ಟು ಇಬ್ಬರು ಬಂದು ನಿಂತಿದ್ದೀರಲ್ರೀ! ಸುಳ್ಳು ಅಫಿಡವಿಟ್ ಕೊಟ್ರೆ ಕೇಸಾಗುತ್ತೆ, ಗೊತ್ತಾ?"

"ಟೈಪ್ ಮಾಡೋರು ಹಂಗೇ ಬರೀಬೇಕು ಅಂದ್ರು ತಾಯಿ," ಎಂದ ಬಯ್ಯಪ್ಪ. "ಎಲ್ರಿಗೂ ಹಂಗೇ ಬರೀತಾರಂತೆ."

ವಿಷಯವನ್ನು ಬಿಡಿಸಿ ಹೇಳಿದ್ದು ಅವರ ಹಿಂದಿದ್ದ ಚಿಕ್ಕವೆಂಕಟಮ್ಮ. ನಲ್ಲಪ್ಪನ ಹೆಂಡತಿ, ಗಟ್ಟಿ ದನಿಯ ಹೆಂಗಸು. ಅವಳ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ, ಬಯ್ಯಪ್ಪನ ಹೆಂಡತಿ ಕದಿರಮ್ಮನಿಗೆ ಮೊದಲಿನ ಎರಡು ಕೂಸು ಉಳಿಯಲಿಲ್ಲ. ಮೂರನೆಯದಕ್ಕೆ ಹಿರಿಯರು ಒಂದು ದಾರಿ ಹೇಳಿದರು: ಹುಟ್ಟಿದ ಮಗುವನ್ನು ಮಕ್ಕಳು ಉಳಿದ ಮನೆಗೆ ಮಾರಿಬಿಡು. ಪಕ್ಕದ ಮನೆಯ ಚಿಕ್ಕವೆಂಕಟಮ್ಮನದು ತುಂಬಿದ ಮನೆ, ಜಾತಿಯೂ ಒಂದೇ. ಮೊರದಲ್ಲಿ ಮಲಗಿಸಿದ ಕೂಸನ್ನು ಆಕೆ ಒಂದು ಸೇರು ತೌಡು ಕೊಟ್ಟು ಕೊಂಡುಕೊಂಡಳು. ಅಂದಿನಿಂದ ಮಗು ಆಕೆಯದು, ಸಾಕುವುದು ಮಾತ್ರ ಕದಿರಮ್ಮ. ಮದುವೆಯ ಹೊತ್ತಿಗೆ ತೌಡು ಹಿಂದಿರುಗಿಸಿ ಮಗಳನ್ನು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ 'ನನ್ನ ಮಗಳು' ಎಂದು ಹೆತ್ತವಳು ಬಾಯಿ ಬಿಡಬಾರದು, ಬಿಟ್ಟರೆ ಈ ಕೂಸೂ ಉಳಿಯುವುದಿಲ್ಲ.

"ಇಸ್ಕೂಲಿಗೆ ಸೇರ್ಸಕ್ಕೆ ನಾನೇ ಕರ್ಕೊಂಡೋದೆ," ಎಂದ ನಲ್ಲಪ್ಪ. "ನಮ್ ಹುಡುಗನ್ನೂ ಅವತ್ತೇ ಸೇರ್ಸಿದ್ದು. ಮಗು ಯಾರ್ದಪ್ಪ ಅಂದ್ರು ಮೇಷ್ಟ್ರು. ನಮ್ದೇ ಸ್ವಾಮಿ ಅಂದೆ. ಇನ್ನೇನನ್ಲಿ?"

ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ಬರೆದರು. ಅದೇ ಹೆಸರು ಹತ್ತನೆಯ ತರಗತಿಯವರೆಗೂ ನಡೆದುಕೊಂಡು ಬಂತು. ಜಾತಿ ಪ್ರಮಾಣಪತ್ರಕ್ಕೆ ಮಾತ್ರ ಗ್ರಾಮಲೆಕ್ಕಿಗರು ಊರಲ್ಲಿ ವಿಚಾರಿಸಿದರು, ರೇಷನ್ ಕಾರ್ಡ್ ನೋಡಿದರು, ನಿಜವಾದ ಅಪ್ಪನ ಹೆಸರು ಹಾಕಿಸಿದರು. ನಿಜ ಬರೆದ ಒಂದೇ ಕಾಗದ ಈಗ ಹುಡುಗಿಯ ಸೀಟಿಗೆ ಕುತ್ತಾಗಿತ್ತು.

ಪರಿಶೀಲನಾಧಿಕಾರಿ ನರಸಿಂಹಪ್ಪನವರು ಎಲ್ಲ ಕೇಳಿ ಕನ್ನಡಕ ಒರೆಸಿಕೊಂಡರು. ಆ ಅಫಿಡವಿಟ್ ವಾಪಸ್ ಕೊಡಿ ಎಂದರು. ನಡೆದದ್ದನ್ನು ನಡೆದ ಹಾಗೇ ಬರೆದ ಪತ್ರಕ್ಕೆ ಹೆತ್ತವರಿಬ್ಬರೂ ತಮ್ಮೆದುರು ಸಹಿ ಮಾಡಬೇಕು. ಎರಡೂ ದಂಪತಿಗಳ ಹೊಸ ಅಫಿಡವಿಟ್ ಬೇಕು. ಹುಡುಗಿ ತಂದಿರುವ ಶಾಲೆಯ ದಾಖಲಾತಿ ನಕಲು, ರೇಷನ್ ಕಾರ್ಡ್ ಜೊತೆಗಿರಲಿ. ಮುಂದೆ ಕೋರ್ಟಿಗೆ ಹೋಗಿ ಅಂಕಪಟ್ಟಿ ತಿದ್ದಿಸಿಕೊಳ್ಳುತ್ತೇವೆಂದು ಮುಚ್ಚಳಿಕೆ ಬರೆದುಕೊಟ್ಟರೆ ತಾತ್ಕಾಲಿಕ ಪ್ರವೇಶ. ಎಲ್ಲ ಸಂಜೆ ಐದರೊಳಗೆ.

ಪತ್ರವನ್ನು ಹುಡುಗಿಯೇ ಜಗುಲಿಯಲ್ಲಿ ಕೂತು ಬರೆದಳು. ಗುಂಡಗಿನ ಅಕ್ಷರ.

"ಮಾನ್ಯರೇ, ಆಶಾರಾಣಿ ನಮ್ಮ ಸ್ವಂತ ಮಗಳು. ಮೊದಲಿನ ಮಕ್ಕಳು ತೀರಿಹೋದ ಕಾರಣ ಇವಳನ್ನು ಹರಕೆಯಂತೆ ಪಕ್ಕದ ಮನೆಯವರಿಗೆ ಮಾರಿದ್ದೆವು. ಶಾಲೆಗೆ ಸೇರಿಸುವಾಗ ಅವರ ಹೆಸರನ್ನೇ ಬರೆಸಲಾಯಿತು. ನಮ್ಮ ಜಾತಿ ಪ್ರಮಾಣಪತ್ರ ಇವಳಿಗೇ ಸೇರಿದ್ದು. ದಯವಿಟ್ಟು ಪ್ರವೇಶ ನೀಡಬೇಕು."

ನಾನು ಓದಿದ ನೂರಾರು ವಿವರಣಾ ಪತ್ರಗಳಲ್ಲಿ ಸುಳ್ಳಿಲ್ಲದ್ದು ಇದೊಂದೇ ಇರಬೇಕು. ಬಯ್ಯಪ್ಪ ಸಹಿ ಹಾಕಿದ. ಕದಿರಮ್ಮನ ಮುಂದೆ ಶಾಯಿಯ ಪ್ಯಾಡು ಇಟ್ಟೆ. ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಏನು ಬರ್ದಿದೆ ಅದ್ರಾಗೆ?"

"ಆಶಾರಾಣಿ ನಮ್ಮ ಸ್ವಂತ ಮಗಳು ಅಂತ."

"ವದ್ದಮ್ಮಾ, ವದ್ದು!" ಹೆದರಿಕೆಗೆ ಅವಳ ಮಾತು ತೆಲುಗಿಗೆ ತಿರುಗಿತು. "ಬ್ಯಾಡ, ನಾನು ಒತ್ತಲ್ಲ. ಎರಡು ಮಣ್ಣು ಮಾಡಿದೀನಿ ನಾನು."

"ಅತ್ತೆ," ಎಂದಳು ಹುಡುಗಿ. ಹೆತ್ತವಳನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ. "ಸೀಟು ಹೋಗುತ್ತೆ ಅತ್ತೆ."

"ಹೋದ್ರೆ ಹೋಗ್ಲಿ. ನೀನಿರು."

ಕಾಲ ಬದಲಾಗಿದೆ, ಇದೆಲ್ಲ ಮೂಢನಂಬಿಕೆ ಎಂದು ಗದರಬಹುದಿತ್ತು. ಎರಡು ಮಣ್ಣು ಮಾಡಿದವಳ ಮುಂದಿನಿಂದ ಪ್ಯಾಡನ್ನು ಪಕ್ಕಕ್ಕೆ ಸರಿಸಿದೆ. ಹುಡುಗಿ ಅಳುತ್ತಿದ್ದಳು. ಬಯ್ಯಪ್ಪ ಹೆಂಡತಿಯನ್ನು ಬೈಯಲು ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿದ.

ಚಿಕ್ಕವೆಂಕಟಮ್ಮ ಎದ್ದಳು. ಗಂಡನ ಕಡೆ ತಿರುಗಿ, "ಬಜಾರಾಗೆ ದನದ ಹಿಂಡಿ ಅಂಗಡಿ ಐತಲ್ಲ, ಹೋಗು. ಒಂದು ಸೇರು ತೌಡು ತಾ. ದುಡ್ಡು ನೀನು ಕೊಡಬ್ಯಾಡ, ಬಯ್ಯಪ್ಪನತ್ರ ಇಸ್ಕೋ," ಎಂದಳು.

"ಮದುವೇಗಲ್ವೇನಕ್ಕ ಬಿಡಿಸ್ಕೊಳ್ಳೋದು?" ಎಂದಳು ಕದಿರಮ್ಮ.

"ಕೊಂಡೋಳು ನಾನು. ಯಾವಾಗ ಕೊಡ್ಬೇಕು ಅನ್ನೋದು ನನ್ನಿಷ್ಟ ಕಣೇ."

ನಲ್ಲಪ್ಪ ಪ್ಲಾಸ್ಟಿಕ್ ಕವರಿನಲ್ಲಿ ತೌಡು ತಂದ. ಅಭ್ಯರ್ಥಿಗಳು, ಅವರ ಅಪ್ಪಂದಿರು, ಜೆರಾಕ್ಸ್ ಹಿಡಿದು ನಿಂತವರು ಎಲ್ಲ ನೋಡುತ್ತಿದ್ದರು. ಕದಿರಮ್ಮ ತೌಡನ್ನು ಚಿಕ್ಕವೆಂಕಟಮ್ಮನ ಸೆರಗಿಗೆ ಸುರಿದಳು. ಆಕೆ ಸೆರಗು ಗಂಟು ಹಾಕಿಕೊಂಡು, ಹುಡುಗಿಯ ರಟ್ಟೆ ಹಿಡಿದು ಕದಿರಮ್ಮನ ಪಕ್ಕಕ್ಕೆ ನಿಲ್ಲಿಸಿ, "ತಗೋ. ನಿನ್ನದು ನಿನಗೆ. ನನ್ನ ಮನೆ ಆಯುಸ್ಸು ಇವಳಿಗಿರ್ಲಿ," ಎಂದಳು. ನಗುತ್ತಲೇ ಹೇಳಿದಳು.

ಕದಿರಮ್ಮ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ, ಅದನ್ನು ನರಸಿಂಹಪ್ಪನವರೆದುರು ಪತ್ರಕ್ಕೆ ಒತ್ತಿದಳು. ನಾಲ್ವರೂ ಕೋರ್ಟಿನ ಹತ್ತಿರದ ನೋಟರಿಯ ಬಳಿಗೆ ಓಡಿ, ಐದಕ್ಕೆ ಮುಂಚೆ ಹೊಸ ಅಫಿಡವಿಟ್ ತಂದರು. ನಾನು ಎಲ್ಲವನ್ನೂ ಅರ್ಜಿಗೆ ಹೊಲಿದು ಒಳಗೆ ಕಳಿಸಿದೆ. ನನ್ನ ಪಾಲಿಗೆ ಅಲ್ಲಿಗೆ ಮುಗಿಯಬೇಕಿತ್ತು.

ಸ್ವಲ್ಪ ಹೊತ್ತಿಗೆ ಜವಾನ ಬಾಗಿಲಿಗೆ ಬಂದು ಕೂಗಿದ: "ಆಶಾರಾಣಿ ಸೀಟು ಸಿಕ್ಕೈತೆ! ಮುಚ್ಚಳಿಕೆಗೆ ತಾಯಿ ಬರ್ಬೇಕಂತೆ, ತಾಯಿ ಯಾರು?"

ಚಿಕ್ಕವೆಂಕಟಮ್ಮ ತಟ್ಟನೆ ಎದ್ದು ನಿಂತಳು. ಎರಡು ಹೆಜ್ಜೆ ಇಟ್ಟ ಮೇಲೆ ಸೆರಗಿನ ಗಂಟು ಕೈಗೆ ತಗುಲಿತು. ಆಕೆ ಹಿಂದಕ್ಕೆ ಬಂದು ಬೆಂಚಿನ ಮೇಲೆ ಕೂತಳು.

"ಹೋಗೇ ಕದಿರಿ," ಎಂದಳು. "ನಿನ್ನನ್ನೇ ಕರೀತಿರೋದು."