ಹೆಸರು ಬರೆಯದ ಮೇಲ್

ಆಸ್ಪತ್ರೆಯ ಲ್ಯಾಬ್ ವರದಿಗಳು ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಿಂತವು. ಲ್ಯಾಬಿನಲ್ಲಿ ಯಂತ್ರಗಳು ನಡೆಯುತ್ತಿದ್ದವು, ರಕ್ತದ ಪರೀಕ್ಷೆಗಳೂ ಮುಗಿಯುತ್ತಿದ್ದವು. ವಾರ್ಡಿನ ಕಂಪ್ಯೂಟರಿನಲ್ಲಿ ಮಾತ್ರ ಒಂದೂ ಕಾಣಿಸುತ್ತಿರಲಿಲ್ಲ. ಲ್ಯಾಬಿನವರು ಫೋನಿನಲ್ಲಿ ಅಂಕಿ ಹೇಳಿದರು, ನರ್ಸ್‌ಗಳು ಕಾಗದದ ಮೇಲೆ ಬರೆದುಕೊಂಡರು. ಒಂದು ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು. ಇಬ್ಬರು ರೋಗಿಗಳಿಂದ ಎರಡನೇ ಸಲ ರಕ್ತ ತೆಗೆಯಬೇಕಾಯಿತು.

ಮೂವರಿರುವ ನಮ್ಮ ಕಂಪ್ಯೂಟರ್ ವಿಭಾಗದಲ್ಲಿ ಕಾರಣ ಹುಡುಕಲು ನನಗೂ, ನಾವು ಮೀಸೆ ಅಂತ ಕರೆಯುವ ಜೊತೆಗಾರನಿಗೂ ಒಂದು ಗಂಟೆ ಹಿಡಿಯಿತು. ಲ್ಯಾಬಿನ ವರದಿ ಕಳಿಸುವ ಸರ್ವರ್ ಕಂಪ್ಯೂಟರಿಗೆ ಒಂದು ಡಿಜಿಟಲ್ ಪ್ರಮಾಣಪತ್ರ ಇರುತ್ತದೆ, ಗುರುತಿನ ಚೀಟಿಯ ಹಾಗೆ. ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಅವಧಿ ಮುಗಿದರೆ ವಾರ್ಡಿನ ವ್ಯವಸ್ಥೆ ಅದನ್ನು ನಂಬುವುದಿಲ್ಲ, ಬಾಗಿಲಲ್ಲೇ ನಿಲ್ಲಿಸುತ್ತದೆ. ಅವಧಿ ಮುಗಿದದ್ದು ಅದೇ ಬೆಳಗ್ಗೆ. ಹೊಸದು ತರಿಸಿ ಹಾಕಿದೆವು. ಹನ್ನೊಂದು ಐವತ್ತಕ್ಕೆ ಕಾದು ನಿಂತಿದ್ದ ವರದಿಗಳೆಲ್ಲ ಸಾಲಾಗಿ ಹೊರಬಂದವು. ಒಂದೂ ಕಳೆದಿರಲಿಲ್ಲ.

“ಅರವತ್ತು ದಿನ ಮೊದಲೇ ಎಚ್ಚರಿಕೆ ಬರಬೇಕಲ್ಲ. ಯಾರಿಗೆ ಬಂತು?” ಅಂದ ಮೀಸೆ.

ಇಬ್ಬರಿಗೂ ಗೊತ್ತಿತ್ತು.

ಎಚ್ಚರಿಕೆ ಹೋದದ್ದು ಗಡಿಯಾರನಿಗೆ. ಹದಿನೆಂಟು ವರ್ಷ ನಮ್ಮ ವಿಭಾಗ ನಡೆಸಿದವನು ಅವನು. ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮುಗಿಸುತ್ತಿದ್ದನಾದ್ದರಿಂದ ಆ ಹೆಸರು. ನಾಲ್ಕು ತಿಂಗಳ ಹಿಂದೆ ಒಂದು ಭಾನುವಾರ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಅವನ ಕುರ್ಚಿಗೆ ನನ್ನನ್ನು ಕೂರಿಸಿದರು. ಮಾರನೇ ವಾರ ಮೀಸೆ ಕೇಳಿದ್ದ, “ಅವರ ಮೇಲ್‌ಬಾಕ್ಸ್ ಏನ್ ಮಾಡೋಣ?” ನಾನು ಹೇಳಿದ್ದೆ, “ಇರಲಿ ಬಿಡು. ಈಗಲೇ ಮುಟ್ಟೋದು ಬೇಡ.” ನಮ್ಮಲ್ಲಿ ಬೇರೆ ಯಾರೇ ಕೆಲಸ ಬಿಟ್ಟರೂ ಅದೇ ದಿನ ಅವರ ಮೇಲ್ ಇನ್ನೊಬ್ಬರಿಗೆ ತಿರುಗಿಸುತ್ತೇವೆ. ಅವನದನ್ನು ಮಾತ್ರ ಮುಟ್ಟಲಿಲ್ಲ. ಪ್ರೀತಿ ಅಂದುಕೊಂಡಿದ್ದೆ. ಕೆಲಸದಲ್ಲಿ ಅದಕ್ಕೆ ಬೇರೆ ಹೆಸರು.

ಆಡಳಿತಾಧಿಕಾರಿ ಮೇಡಂ ಕರೆಸಿದರು. ಕೆಟ್ಟವರಲ್ಲ, ಮೇಲಿನವರಿಗೆ ಉತ್ತರ ಹೇಳಬೇಕಾದವರು.

“ಇನ್ನು ಎರಡು ಗಂಟೆಯೊಳಗೆ ಎಲ್ಲರಿಗೂ ಒಂದು ಮೇಲ್ ಹೋಗಬೇಕು. ಹಿಂದಿನ ಮುಖ್ಯಸ್ಥರು ವಿವರ ಹಸ್ತಾಂತರಿಸಿರಲಿಲ್ಲ ಅಂತ ಒಂದು ಸಾಲು ಹಾಕಿ. ಸುಳ್ಳಲ್ಲವಲ್ಲ?”

“ಸುಳ್ಳಲ್ಲ ಮೇಡಂ. ಸಾಯೋ ಮುಂಚೆ ರಜೆ ಚೀಟಿ ಕೊಟ್ಟು ಹೋಗಲಿಲ್ಲ ಅಂದ ಹಾಗೆ.”

ಅವರು ಕನ್ನಡಕ ತೆಗೆದಿಟ್ಟರು. “ತಮಾಷೆ ಬೇಡ ರೀ. ನಿಮಗೇ ಒಳ್ಳೆಯದು ಅಂತ ಹೇಳಿದೆ. ಅವರಿಗೆ ಇನ್ನೇನು ಆಗಬೇಕಾಗಿದೆ?”

“ಅವರಿಗೇನೂ ಇಲ್ಲ. ಅವರ ಹೆಂಡತಿ ಎರಡನೇ ಮಹಡಿಯಲ್ಲಿ ಕೆಲಸ ಮಾಡ್ತಾರೆ. ಆ ಮೇಲ್ ಅವರಿಗೂ ಹೋಗುತ್ತೆ.”

ಮೇಡಂ ಕಿಟಕಿ ಕಡೆ ನೋಡಿದರು. “ಹಾಗಾದ್ರೆ ಬರೆದು ತೋರಿಸಿ. ಆದ್ರೆ ಕಾರಣ ಇರಬೇಕು. ಕಾರಣ ಇಲ್ಲದ ಮೇಲ್ ಯಾರೂ ನಂಬಲ್ಲ.”

ಅದು ಸರಿಯಾದ ಮಾತು. ಕೆಳಗೆ ಬಂದು ಮೊದಲು ಅವನ ಮೇಲ್‌ಬಾಕ್ಸ್ ತೆರೆದೆ. ಇನ್ನೂ ಯಾವ ಯಾವ ಯಂತ್ರದ ಎಚ್ಚರಿಕೆ ಅಲ್ಲಿಗೆ ಬರುತ್ತಿದೆಯೋ ತಿಳಿಯಬೇಕಿತ್ತು. ಪ್ರಮಾಣಪತ್ರದ್ದು ಐದು ಸಲ ಬಂದಿತ್ತು: ಅರವತ್ತು ದಿನಕ್ಕೆ, ಮೂವತ್ತಕ್ಕೆ, ಹದಿನೈದಕ್ಕೆ, ಏಳಕ್ಕೆ, ಕೊನೆಗೆ ಹಿಂದಿನ ದಿನ. ಅವುಗಳ ನಡುವೆ ಒಂದೇ ಹೆಸರಿನಿಂದ, ಕೆಲಸದ ದಿನವೆಲ್ಲ, ಮಧ್ಯಾಹ್ನ ಒಂದು ಗಂಟೆಯ ಆಸುಪಾಸು ಬಂದ ಮೇಲ್‌ಗಳಿದ್ದವು. ವಿಷಯದ ಜಾಗದಲ್ಲಿ ಒಂದೇ ಪದ: ಊಟ.

ಅವನ ಹೆಂಡತಿಯವು, ನಾನು ಅತ್ತಿಗೆ ಅಂತ ಕರೆಯುವವರು. ದಾಖಲೆ ವಿಭಾಗದಿಂದ ಅವರು ಹಾಗೆ ಬರೆದರೆ ಗಡಿಯಾರ ಊಟದ ಡಬ್ಬಿ ಹಿಡಿದು ಮೇಲೆ ಹತ್ತುತ್ತಿದ್ದ. ಅವನು ಹೋದ ಮೇಲೂ ಬರೆಯುತ್ತಿದ್ದರು. ಕೊನೆಯದು ನಿನ್ನೆಯದು. ಒಂದನ್ನೂ ಬಿಚ್ಚಲಿಲ್ಲ. ಪರದೆಯನ್ನು ಮೀಸೆಗೆ ಕಾಣದ ಹಾಗೆ ತಿರುಗಿಸಿಕೊಂಡೆ.

ಆಮೇಲೆ ಬರೆಯಲು ಕೂತೆ. ನಾಲ್ಕು ಸಲ ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟು:

“ಎಲ್ಲರಿಗೂ, ಇಂದು ಬೆಳಗ್ಗೆ 9.10ರಿಂದ 11.50ರವರೆಗೆ ಲ್ಯಾಬ್ ವರದಿಗಳು ವಾರ್ಡಿನ ಕಂಪ್ಯೂಟರ್‌ಗಳಲ್ಲಿ ಕಾಣಿಸಲಿಲ್ಲ. ಈಗ ಎಲ್ಲವೂ ಸರಿಯಾಗಿದೆ. ಯಾವ ವರದಿಯೂ ಕಳೆದಿಲ್ಲ. ಒಂದು ಆಪರೇಷನ್ ಮುಂದೂಡಬೇಕಾಯಿತು. ಇಬ್ಬರು ರೋಗಿಗಳಿಗೆ ಮತ್ತೆ ರಕ್ತ ಪರೀಕ್ಷೆ ಮಾಡಬೇಕಾಯಿತು. ಅವರಲ್ಲಿಯೂ ನಿಮ್ಮಲ್ಲಿಯೂ ಕ್ಷಮೆ ಕೇಳುತ್ತೇನೆ.

ಸರ್ವರಿನ ಪ್ರಮಾಣಪತ್ರದ ಅವಧಿ ಮುಗಿದದ್ದು ಕಾರಣ. ಅದರ ಎಚ್ಚರಿಕೆಗಳು ಯಾರೂ ನೋಡದ ಒಂದು ವಿಳಾಸಕ್ಕೆ ಹೋಗುತ್ತಿದ್ದವು. ಆ ವಿಳಾಸವನ್ನು ನಾಲ್ಕು ತಿಂಗಳ ಹಿಂದೆಯೇ ಬದಲಿಸಬೇಕಿತ್ತು. ಹಾಗೇ ಬಿಡುವ ತೀರ್ಮಾನ ನನ್ನದು. ಹೊಣೆಯೂ ನನ್ನದು.

ಇಂದು ಸಂಜೆ ಐದರಿಂದ ಆ ವಿಳಾಸದ ಮೇಲ್‌ಗಳೆಲ್ಲ ನಮ್ಮ ವಿಭಾಗದ ಮೂವರಿಗೂ ಬರುತ್ತವೆ. ಅವಧಿ ಇರುವ ಪ್ರಮಾಣಪತ್ರಗಳನ್ನೆಲ್ಲ ಶುಕ್ರವಾರದೊಳಗೆ ಪಟ್ಟಿ ಮಾಡುತ್ತೇವೆ. ಫೋನಿನಲ್ಲಿ ಬರೆದುಕೊಂಡ ಅಂಕಿಗಳನ್ನು ದಯವಿಟ್ಟು ಕಂಪ್ಯೂಟರಿನ ವರದಿಯೊಂದಿಗೆ ಒಮ್ಮೆ ತಾಳೆ ನೋಡಿ. ವ್ಯತ್ಯಾಸ ಕಂಡರೆ ಕೂಡಲೇ ಲ್ಯಾಬಿಗೂ ನನಗೂ ತಿಳಿಸಿ. ಕಾಗದ ಹಿಡಿದು ಓಡಾಡಿದವರಿಗೆಲ್ಲ ಕೃತಜ್ಞತೆ.”

ಮೇಡಂ ಎರಡು ಸಲ ಓದಿದರು. “ಗೂಬೆಯನ್ನು ನೀವೇ ತಲೆ ಮೇಲೆ ಕೂರಿಸಿಕೊಂಡಿರಿ.”

“ಅದು ನನ್ನ ತಲೆ ಮೇಲೇ ಇತ್ತು ಮೇಡಂ.”

“ಕಳಿಸಿ,” ಅಂದರು.

ಕಳಿಸುವ ಮೊದಲು ಎರಡನೇ ಮಹಡಿಗೆ ಹೋದೆ. ಅತ್ತಿಗೆ ಕಡತಗಳಿಗೆ ನಂಬರು ಅಂಟಿಸುತ್ತಿದ್ದರು. ತಲೆ ಎತ್ತದೆ ಹೇಳಿದರು, “ಇವರಿಂದ ಆಯ್ತಂತೆ. ಕ್ಯಾಂಟೀನಲ್ಲಿ ಮಾತಾಡ್ತಿದ್ರು. ಹೋದವನು ಹೋದ, ಬಾಗಿಲು ಹಾಕ್ಕೊಂಡು ಹೋದ ಅಂತ.”

“ಅವರಿಂದಲ್ಲ ಅತ್ತಿಗೆ. ನನ್ನಿಂದ.”

“ಸಮಾಧಾನಕ್ಕೆ ಹೇಳಬೇಡಪ್ಪ.”

“ಸಮಾಧಾನಕ್ಕಲ್ಲ. ಓದಿ.” ಅಚ್ಚು ಹಾಕಿದ್ದ ಕಾಗದ ಕೊಟ್ಟೆ. ಅವರು ಬೆರಳಿಟ್ಟು ಓದಿದರು. ಸಂಜೆ ಐದರಿಂದ ಅನ್ನುವ ಸಾಲಿಗೆ ಬಂದಾಗ ಬೆರಳು ನಿಂತಿತು.

“ಎಲ್ಲ ಮೇಲ್‌ಗಳೂ?”

“ಎಲ್ಲವೂ. ಯಾವುದು ಮುಖ್ಯ, ಯಾವುದಲ್ಲ ಅಂತ ಈಗ ಹೇಳೋಕೆ ಬರಲ್ಲ. ಅದಕ್ಕೇ ಮೊದಲೇ ಹೇಳೋಣ ಅಂತ ಬಂದೆ.”

ಅತ್ತಿಗೆ ಈಗ ತಲೆ ಎತ್ತಿದರು. “ನೋಡಿದೆಯಾ?”

“ಮೇಲಿನ ಪದ ಮಾತ್ರ. ಬಿಚ್ಚಲಿಲ್ಲ. ಹಳೆಯವನ್ನೆಲ್ಲ ನಿಮಗೆ ಕಳಿಸಿ ಅಲ್ಲಿಂದ ತೆಗೆದುಬಿಡ್ತೀನಿ. ಬೇರೆ ಯಾರೂ ನೋಡಲ್ಲ.”

“ಒಳಗೇನೂ ಇಲ್ಲ. ಏನು ಪಲ್ಯ ಅಂತ ಬರೀತಿದ್ದೆ, ಅಷ್ಟೇ.” ಸ್ವಲ್ಪ ನಕ್ಕರು. “ಬರೆದ ಮೇಲ್ ವಾಪಸ್ ಬರ್ತಿರಲಿಲ್ಲ ನೋಡು. ಬೇರೆಲ್ಲ ಕಡೆ ಹೆಸರು ತೆಗೆದುಬಿಟ್ರು. ಇದೊಂದು ಮಾತ್ರ ಹೋಗ್ತಿತ್ತು.”

ನಾನು ಬಾಗಿಲಿನ ಕಡೆ ತಿರುಗಿದೆ.

“ತಾಳು,” ಅಂದರು. ಕಾಗದವನ್ನು ಮತ್ತೆ ನೋಡುತ್ತಿದ್ದರು. “ಅವರ ಹೆಸರು ಎಲ್ಲೂ ಇಲ್ವಲ್ಲ.”

“ಬೇಕು ಅಂತಲೇ ಬಿಟ್ಟೆ ಅತ್ತಿಗೆ. ಹೆಸರು ಕಂಡರೆ ಜನ ತಪ್ಪನ್ನೂ ಅಲ್ಲೇ ಇಡ್ತಾರೆ.”

“ಗೊತ್ತು. ಒಳ್ಳೆಯದೇ ಮಾಡಿದೆ.” ಕಾಗದವನ್ನು ಮಡಚಿದರು. “ಆದ್ರೂ ಹದಿನೆಂಟು ವರ್ಷ ಎಲ್ಲರಿಗೂ ಹೋಗೋ ಮೇಲ್ ಕೆಳಗೆ ಅವರ ಹೆಸರೇ ಇರ್ತಿತ್ತು. ಕಣ್ಣು ಹುಡುಕ್ತು.”

ಕೆಳಗೆ ಬಂದು ಮೇಲ್ ಕಳಿಸಿದೆ. ಸಂಜೆಯೊಳಗೆ ಹನ್ನೆರಡು ಉತ್ತರ ಬಂದವು. ಹೆಚ್ಚಿನವು ಬರೀ “ಸರಿ”. ಐದಕ್ಕೆ ಮೀಸೆ ವಿಳಾಸ ತಿರುಗಿಸಿದ. ಮಾರನೇ ದಿನ ಮಧ್ಯಾಹ್ನ ಒಂದು ಗಂಟೆಗೆ ವಿಭಾಗದ ನಾವು ಮೂವರೂ ಪರದೆಯ ಮುಂದೆ ಇದ್ದೆವು. ಗಡಿಯಾರನ ವಿಳಾಸಕ್ಕೆ ಪ್ರಿಂಟರಿನ ಒಂದು ಎಚ್ಚರಿಕೆ ಬಂತು. ಬೇರೇನೂ ಬರಲಿಲ್ಲ.