ತಲುಪಿದ ದಿನದಿಂದ

ಹೊರದೇಶಕ್ಕೆ ವರ್ಗವಾಗಿ ಹೋದ ಫಿಟ್ಟರ್‌ನ ಹೆಂಡತಿಗೂ ಮಗಳಿಗೂ ವಿಮಾನದ ಟಿಕೆಟ್ ಕೊಡುವುದಿಲ್ಲ ಎಂದು ಕಂಪನಿ ಹೇಳಿತು. ಅವರ ಪಾತ್ರೆ, ಹಾಸಿಗೆ, ಹೊಲಿಗೆ ಯಂತ್ರಗಳನ್ನು ಅದೇ ಕಂಪನಿ ಆಗಲೇ ಹಡಗಿಗೆ ಹತ್ತಿಸಿತ್ತು.

ಸಿಬ್ಬಂದಿ ವಿಭಾಗದ ಸಹಾಯಕಿಗೆ ಇದು ಗೊತ್ತಾದದ್ದು ಆ ಹೆಂಗಸು ಎದುರಿಗೇ ಬಂದು ನಿಂತಾಗ. ಕೂರಿ ಅಂದರೂ ಕೂರಲಿಲ್ಲ. ಮಡಚಿ ಮಡಚಿ ಬಟ್ಟೆಯಂತಾಗಿದ್ದ ಕಾಗದವನ್ನು ಮೇಜಿನ ಮೇಲೆ ಹರಡಿದಳು.

"ಅಕ್ಕಾ, ಇದರಲ್ಲಿ ಏನಿದೆ ಅಂತ ನೀವೇ ಓದಿ. ನನಗೆ ಓದಕ್ಕೇ ಬರಲ್ಲ ಅನ್ನೋ ಹಾಗೆ ಮಾತಾಡಿದ್ರು ಫೋನಲ್ಲಿ."

ಓದುವುದೇನು ಬಂತು? ಅದು ಸಹಾಯಕಿ ತಾನೇ ಟೈಪ್ ಮಾಡಿದ ಪುಟ. ಹೊರದೇಶದ ವರ್ಗಾವಣೆ ನೀತಿ ಎಂಬ ದಪ್ಪ ಕಡತವನ್ನು ಸಾಹೇಬರು ಅವಳ ಮುಂದೆ ಹಾಕಿ, ಭತ್ಯೆಗಳು, ಗಡುವುಗಳು, ಇಷ್ಟೇ ಒಂದು ಪುಟದಲ್ಲಿ ಬರಲಿ ಅಂದಿದ್ದರು. ಯಾವುದನ್ನು ಕೊಟ್ಟರೂ ಒಂದು ಪುಟ ಅನ್ನುತ್ತಿದ್ದುದರಿಂದ ಕಚೇರಿಯಲ್ಲಿ ಅವರಿಗೆ ಒಂದ್ಪುಟ ಎಂದೇ ಹೆಸರು. ಅವಳ ಪಟ್ಟಿ ಆ ಒಂದು ಪುಟ ಮೀರಿ ನಾಲ್ಕು ಸಾಲು ಹೊರಗೆ ಚಾಚಿತ್ತು.

"ಎರಡನೇ ಪುಟ ಅಂದ್ರೆ ಕಸದ ಬುಟ್ಟಿ ಕಣಮ್ಮಾ," ಎಂದು ಒಂದ್ಪುಟ ಪೆನ್ಸಿಲ್ ಹಿಡಿದರು. ತಾತ್ಕಾಲಿಕ ವಸತಿ, ಸಾಮಾನು ಸಾಗಣೆ, ಶಾಲಾ ಶುಲ್ಕದ ರಸೀದಿ, ಎಲ್ಲದರ ಗಡುವೂ ನೌಕರ ಆ ದೇಶ ತಲುಪಿದ ದಿನದಿಂದ ಶುರುವಾಗುತ್ತಿತ್ತು. ಕುಟುಂಬದ ಪ್ರಯಾಣ ಮಾತ್ರ ಬೇರೆ. ಅದರ ಆರು ತಿಂಗಳು ವರ್ಗಾವಣೆ ಆದೇಶ ಜಾರಿಗೆ ಬಂದ ದಿನದಿಂದ, ಮನುಷ್ಯ ಎಲ್ಲೇ ಇರಲಿ. ಸಾಹೇಬರು ಪ್ರತಿ ಸಾಲಿನ ಬಾಲ ಕತ್ತರಿಸಿ, ಮೇಲೆ ಒಂದೇ ತಲೆಬರಹ ಬರೆದರು: ಗಡುವು, ತಲುಪಿದ ದಿನದಿಂದ.

"ಸಾರ್, ಕುಟುಂಬದ್ದು..."

"ಆದೇಶ ಬಂದ ವಾರದಲ್ಲೇ ಹೊರಡ್ತಾರೆ ಬಿಡು. ಎರಡೂ ಒಂದೇ."

ಅವಳು ಬಾಯಿ ಮುಚ್ಚಿಕೊಂಡಳು. ಪುಟ ಒಂದೇ ಆಯಿತು. ಕೊನೆಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಪೂರ್ಣ ನೀತಿಯೇ ಅಂತಿಮ ಎಂಬ ಸಾಲು ಕೂತಿತು. ವರ್ಗವಾದ ನೌಕರರ ಕೈಗೆ ಕಡತದ ಬದಲು ಆ ಪುಟವೇ ಹೋಯಿತು.

ಫಿಟ್ಟರ್‌ನ ಕೆಲಸದ ಪರವಾನಗಿ ಎರಡು ತಿಂಗಳು ತಡವಾಯಿತು. ಅಷ್ಟು ದಿನ ಅವನು ಇಲ್ಲೇ ಕೊಳೆತ. ಪುಟದ ಲೆಕ್ಕದಲ್ಲಿ ಅವನ ಹೆಂಡತಿಗೆ ಇನ್ನೂ ಸಮಯವಿತ್ತು. ಕಡತದ ಲೆಕ್ಕದಲ್ಲಿ ಬಾಗಿಲು ಮುಚ್ಚಿ ಆಗಿತ್ತು. ಗಡುವು ಮುಗಿಯುವ ಮೊದಲೇ ಅರ್ಜಿ ಹಾಕಿದ್ದರೆ ಹೆಚ್ಚು ಸಮಯ ಸಿಗುತ್ತಿತ್ತು. ಮುಗಿಯುತ್ತಿದೆ ಅಂತ ಗೊತ್ತಿದ್ದವರು ಯಾರು?

"ಮನೆ ಖಾಲಿ ಮಾಡಿ ಅಣ್ಣನ ಮನೆ ಹಾಲ್‌ನಲ್ಲಿ ಮಲಗ್ತಿದ್ದೀವಿ," ಎಂದಳು ಹೆಂಗಸು. "ಟಿಕೆಟ್ ಬಂತಾ ಅಂತ ಅತ್ತಿಗೆ ದಿನಾ ಕೇಳ್ತಾಳೆ. ಬಂತಾ ಅಂದ್ರೆ ಯಾವಾಗ ತೊಲಗ್ತೀಯಾ ಅಂತ. ನಮ್ಮ ಹಾಸಿಗೆ ಅಲ್ಲಿ ಹಾಯಾಗಿ ಮಲಗಿದೆ, ನಾವು ಇಲ್ಲಿ ನೆಲದ ಮೇಲೆ." ನಗಲು ಹೋದಳು, ಆಗಲಿಲ್ಲ. "ಕೆಲಸ ಬಿಟ್ಟು ಬಂದ್ಬಿಡ್ತೀನಿ ಅಂತಾರೆ ಇವ್ರು. ಬಂದ್ರೆ ಕಂಪನಿ ಖರ್ಚು ಮಾಡಿದ್ದನ್ನೆಲ್ಲ ವಾಪಸ್ ಕಟ್ಟಬೇಕಂತೆ, ಹೌದಾ?"

ಹೌದು. ಅದೂ ಆ ಪುಟದಲ್ಲೇ ಇತ್ತು, ಸರಿಯಾಗಿಯೇ ಇತ್ತು.

"ಇಂಥ ದೂರು ಕೇಳೋ ಸಮಿತಿ ಮಧ್ಯಾಹ್ನ ಕೂರುತ್ತೆ," ಎಂದಳು ಸಹಾಯಕಿ. "ನಿಮ್ಮ ಮನವಿ ಅಲ್ಲಿಗೆ ಕಳಿಸ್ತೀನಿ. ಹೊರಗೆ ಕೂತಿರಿ."

ಒಂದ್ಪುಟ ಕರೆದರು. ಅವರ ಪರದೆಯ ಮೇಲೆ ಹೊಸ ಪುಟ ಸಿದ್ಧವಿತ್ತು. ಕುಟುಂಬದ ಸಾಲಿನಲ್ಲಿ, ಆದೇಶದ ದಿನದಿಂದ ಎಂದು ದಪ್ಪಕ್ಷರ. ತಾರೀಕು ಮಾತ್ರ ಹಳೆಯದು.

"ಅವನ ಫೈಲಿಂದ ಹಳೇದನ್ನ ತೆಗೆದು ಇದನ್ನ ಹಾಕು. ನೌಕರನಿಗೆ ಕೊಟ್ಟಿದ್ದು ಇದೇ ಅಂತ ಸಮಿತಿಗೆ ಒಂದು ಟಿಪ್ಪಣಿ ಬರಿ."

"ಅವನ ಹತ್ರ ಹಳೇದು ಇದೆ ಸಾರ್. ಹೆಂಡತಿ ಹೊರಗೆ ಹಿಡ್ಕೊಂಡು ಕೂತಿದ್ದಾಳೆ."

"ಕರಡು ಯಾರ ಕೈಗೋ ಸಿಕ್ಕಿರುತ್ತೆ ಅಂತ ತಿಪ್ಪೆ ಸಾರಿಸಿದ್ರಾಯ್ತು. ತಪ್ಪು ನಮ್ಮದು ಅಂದ್ರೆ ಆ ಪುಟ ಓದ್ಕೊಂಡು ಹೋದವ್ರೆಲ್ಲ ನಾಳೆ ಸಾಲು ನಿಲ್ತಾರೆ."

ಸಾಲು ಅವಳ ಕಣ್ಣಿಗೂ ಕಂಡಿತು. ವೆಲ್ಡರ್ ಹೋಗಿದ್ದ, ಕ್ರೇನ್ ಓಡಿಸುವವನು ಹೋಗಿದ್ದ. ಇಬ್ಬರ ಮನೆಯವರೂ ಅದೇ ಪುಟ ನಂಬಿ ಪಾತ್ರೆ ಕಟ್ಟುತ್ತಿದ್ದರು.

"ಟೈಪ್ ಮಾಡಿದ್ದು ನೀನು," ಎಂದರು ಒಂದ್ಪುಟ, ಮಗುವಿಗೆ ಬುದ್ಧಿ ಹೇಳುವ ಹಾಗೆ ಮೆಲ್ಲಗೆ. "ಕೆಳಗೆ ನಿನ್ನ ಹೆಸರೇ ಇದೆ. ತಪ್ಪು ಅಂತಾದ್ರೆ ಮೊದಲು ಹೋಗೋದು ಯಾರು, ಯೋಚನೆ ಮಾಡು. ಮನೇಲಿ ದುಡಿಯೋದು ನೀನೊಬ್ಬಳೇ ಅಲ್ವಾ?"

ಹೌದು. ಅಂದು ಬಾಯಿ ತೆರೆದಿದ್ದರೆ ನಾಲ್ಕು ಸಾಲಿನ ಜಗಳದಲ್ಲಿ ಮುಗಿಯುತ್ತಿತ್ತು. ಇಂದು ತೆರೆದರೆ ಅನ್ನಕ್ಕೇ ಕಲ್ಲು.

"ಹಾಕಲ್ಲ ಸಾರ್."

"ಏನಂದೆ?"

"ಪುಟ ಬದಲಾಯಿಸಲ್ಲ. ಟಿಪ್ಪಣಿನೂ ಬರಿಯಲ್ಲ."